ಕ್ಷಮೆ ಕೇಳುವವನು ಯಾವ ವಚನ ಬರೆಯಬೇಕು? ಒಂದು ಪತ್ರದ ಪ್ರಕರಣ

ಕ್ಷಮೆಯ ಬಗ್ಗೆ ಕುರ್‌ಆನ್‌ನಲ್ಲೂ ಬೈಬಲ್‌ನಲ್ಲೂ ನಮಗೆ ಚೆನ್ನಾಗಿ ಗೊತ್ತಿರುವ ವಚನಗಳಲ್ಲಿ ಹೆಚ್ಚಿನವು ನೋವು ಅನುಭವಿಸಿದವನಿಗೆ ಹೇಳಿದವು. ‘ನೀನು ಕ್ಷಮಿಸು’ ಅನ್ನುವುದೇ ಅವುಗಳ ಮಾತು. ತಪ್ಪು ಮಾಡಿದವನು ಅದೇ ವಚನಗಳನ್ನು ತನ್ನ ಕ್ಷಮಾಪಣೆ ಪತ್ರದಲ್ಲಿ ಬರೆದರೆ, ಪತ್ರ ಕ್ಷಮೆ ಕೇಳುವುದನ್ನು ಬಿಟ್ಟು ಕ್ಷಮೆ ವಸೂಲಿ ಮಾಡತೊಡಗುತ್ತದೆ. ದಕ್ಷಿಣ ಕನ್ನಡದ ಒಬ್ಬರು 2025ರಲ್ಲಿ ಬರೆದ ಪತ್ರದಲ್ಲಿ ನಾನು ಇದನ್ನು ಹತ್ತಿರದಿಂದ ನೋಡಿದೆ. ಆ ಪತ್ರವನ್ನು ತಿದ್ದುವಾಗ ಅವರ ಜೊತೆ ಕೂತಿದ್ದೆ. ಇಬ್ಬರೂ ಗೆಳೆಯರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ. ವಚನಗಳ ಅರ್ಥವನ್ನು ನನ್ನ ಮಾತಿನಲ್ಲಿ ಕೊಟ್ಟಿದ್ದೇನೆ. ಸಂಖ್ಯೆ ಇದೆ, ನಿಮ್ಮ ಮನೆಯ ಪ್ರತಿಯಲ್ಲಿ ತೆಗೆದು ನೋಡಬಹುದು.

ನಡೆದದ್ದು

ಪತ್ರ ಬರೆದವರು ಕೊಂಕಣಿ ಮನೆಮಾತಿನ ಕ್ಯಾಥೊಲಿಕರು. ಅವರ ಗೆಳೆಯ ಬ್ಯಾರಿ ಮುಸ್ಲಿಮರು. ಬಂಟ್ವಾಳದ ಕಡೆಯ ಒಂದೇ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. 1996ರಲ್ಲಿ ಇಬ್ಬರೂ ಸೇರಿ ಒಂದು ಹಾರ್ಡ್‌ವೇರ್ ಅಂಗಡಿ ಹಾಕಿದರು. ಗೆಳೆಯ ಹಾಕಿದ ಬಂಡವಾಳ 45,000 ರೂಪಾಯಿ. ಲೆಕ್ಕ ಬರೆಯುತ್ತಿದ್ದವರು ಇವರು. ಗಿರಾಕಿಗಳನ್ನೂ ಉದ್ರಿ ವಸೂಲಿಯನ್ನೂ ಗೆಳೆಯ ನೋಡಿಕೊಳ್ಳುತ್ತಿದ್ದ.

1999ರಲ್ಲಿ ಸಿಮೆಂಟಿನವರಿಗೆ ಕೊಡಲು ಎತ್ತಿಟ್ಟಿದ್ದ 60,000 ರೂಪಾಯಿ ಅಂಗಡಿಯ ಕಪಾಟಿನಿಂದ ಕಾಣೆಯಾಯಿತು. ಕೀಲಿ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಪೇಟೆಯ ಇಬ್ಬರು ಹಿರಿಯ ವ್ಯಾಪಾರಿಗಳು ಪಂಚಾತಿಕೆ ಮಾಡಿದರು. ಗೆಳೆಯ ‘ನಾನು ಮುಟ್ಟಿಲ್ಲ’ ಅಂದ. ಇವರು ಕೂಗಾಡಲಿಲ್ಲ, ಆರೋಪವನ್ನೂ ಮಾಡಲಿಲ್ಲ. ‘ಲೆಕ್ಕ ಸರಿ ಇದೆ, ಹಣ ಇಲ್ಲ’ ಅಂತ ಮಾತ್ರ ಹೇಳಿದರು. ಅಷ್ಟು ಸಾಕಾಯಿತು. ಗೆಳೆಯನ ಬಂಡವಾಳವನ್ನು ನಷ್ಟಕ್ಕೆ ಹಿಡಿದುಕೊಂಡರು. ಅದೇ ವರ್ಷ ಆತ ಸೌದಿಯ ಜುಬೈಲ್‌ಗೆ ಹೋದ.

ಅವನು ವಿಮಾನ ಹತ್ತುವ ಮೊದಲೇ ಇವರಿಗೆ ಸತ್ಯ ಗೊತ್ತಾಗಿತ್ತು. ಹಣ ತೆಗೆದದ್ದು ಇವರ ಸ್ವಂತ ತಮ್ಮ. ಮನೆಯಲ್ಲಿ ಕೀಲಿ ತೆಗೆದುಕೊಂಡು ಹೋಗಿದ್ದ. ತಮ್ಮನೇ ಅತ್ತು ಹೇಳಿದ. ತಂಗಿಯ ಮದುವೆ ಮಾತುಕತೆ ನಡೆಯುತ್ತಿತ್ತು, ಇವರು ಬಾಯಿ ಮುಚ್ಚಿಕೊಂಡರು. ಆಮೇಲೆ ವರ್ಷಗಳು ಹೋದವು. ತಮ್ಮ ತೀರಿಕೊಂಡ ಮೇಲೆ ಪಾಪನಿವೇದನೆಯಲ್ಲಿ ಇದನ್ನು ಪಾದ್ರಿಗಳ ಮುಂದೆ ಹೇಳಿದರು. ಪಾದ್ರಿಗಳು ಕೇಳಿದ್ದು ಒಂದೇ: ‘ಅವರಿಗೆ ಹೇಳಿದ್ದೀರಾ?’

ಮೊದಲ ಕರಡು

ನನ್ನ ಹತ್ತಿರ ತಂದ ಮೊದಲ ಕರಡಿನಲ್ಲಿ ಹನ್ನೊಂದು ವಚನಗಳಿದ್ದವು. ಬೈಬಲ್‌ನಿಂದ ಮತ್ತಾಯ 6:14-15, ಮತ್ತಾಯ 18:22, ಲೂಕ 23:34, ಕೊಲೊಸ್ಸೆ 3:13. ಕುರ್‌ಆನ್‌ನಿಂದ 3:134, 5:82, 7:199, 12:92, 24:22, 39:53, 42:43. ನಡೆದ ಸಂಗತಿಗೆ ಸಿಕ್ಕಿದ್ದು ಒಂದೇ ಸಾಲು: ‘ನಮ್ಮ ನಡುವೆ ಆದ ತಪ್ಪು ತಿಳುವಳಿಕೆಗೆ ನನಗೆ ತುಂಬಾ ಬೇಸರವಿದೆ.’

ಅದು ತಪ್ಪು ತಿಳುವಳಿಕೆ ಆಗಿರಲಿಲ್ಲ, ಅಲ್ವಾ? ಒಬ್ಬನಿಗೆ ಸತ್ಯ ಗೊತ್ತಿತ್ತು, ಇನ್ನೊಬ್ಬ ಅದರ ಬೆಲೆ ತೆತ್ತ. ಅಷ್ಟು ವಚನಗಳ ನಡುವೆ ಈ ಸಾಲು ಅಡಗಿ ಕೂತಿತ್ತು. ಹಾಗಾಗಿ ಮೊದಲು ಅವರಿಗೆ ಹೇಳಿದ್ದು, ಎಲ್ಲ ವಚನಗಳನ್ನೂ ತೆಗೆದು ಪತ್ರ ಬರೆಯಿರಿ ಅಂತ. ವಚನವಿಲ್ಲದೆ ಓದಿದಾಗ, ಯಾರು ಯಾವಾಗ ಏನು ಮಾಡಿದರು ಅನ್ನುವುದು ಗೆಳೆಯನಿಗೆ ತಿಳಿಯಬೇಕು. ಅದು ತಿಳಿಯದಿದ್ದರೆ ವಚನ ಸೇರಿಸಿ ಪ್ರಯೋಜನವಿಲ್ಲ.

ಆಮೇಲೆ ಆ ಹನ್ನೊಂದನ್ನೂ ಒಂದೊಂದಾಗಿ ತೆಗೆದು ನೋಡಿದೆವು. ಪ್ರತಿಯೊಂದಕ್ಕೂ ಕೇಳಿದ ಪ್ರಶ್ನೆ ಒಂದೇ. ಈ ಮಾತು ಯಾರಿಗೆ ಹೇಳಿದ್ದು?

24:22ನ್ನು ಅವರು ತುಂಬಾ ಇಷ್ಟಪಟ್ಟಿದ್ದರು. ‘ಅವರು ಕ್ಷಮಿಸಲಿ, ಮನ್ನಿಸಲಿ. ಅಲ್ಲಾಹನು ನಿಮ್ಮನ್ನು ಕ್ಷಮಿಸಬೇಕೆಂದು ನೀವು ಬಯಸುವುದಿಲ್ಲವೇ?’ ಎಂಬುದು ಅದರ ಸಾರ. ವಾಟ್ಸ್‌ಆ್ಯಪ್‌ನಲ್ಲಿ ಈ ಅರ್ಧವೇ ಓಡಾಡುತ್ತದೆ. ವಚನದ ಮೊದಲ ಅರ್ಧದಲ್ಲಿ ಬೇರೆ ಮಾತಿದೆ. ಅನುಕೂಲವಂತರು ಬಂಧುಗಳಿಗೂ ಬಡವರಿಗೂ ವಲಸೆ ಬಂದವರಿಗೂ ಕೊಡುವುದಿಲ್ಲ ಅಂತ ಆಣೆ ಹಾಕಬಾರದು ಅನ್ನುತ್ತದೆ. ವ್ಯಾಖ್ಯಾನಕಾರರು ಇದರ ಹಿಂದಿನ ಘಟನೆ ಹೇಳುತ್ತಾರೆ. ಪ್ರವಾದಿಯವರ ಪತ್ನಿ ಆಯಿಶಾರ ಮೇಲೆ ಸುಳ್ಳು ಅಪವಾದ ಹರಡಿದವರಲ್ಲಿ ಮಿಸ್ತಹ್ ಎಂಬ ಬಡ ಬಂಧುವೂ ಇದ್ದರು. ಅವರ ಖರ್ಚು ನೋಡಿಕೊಳ್ಳುತ್ತಿದ್ದವರು ಆಯಿಶಾರ ತಂದೆ ಅಬೂಬಕರ್. ಮಗಳ ಮೇಲೆ ಅಪವಾದ ಹೊರಿಸಿದವನಿಗೆ ಇನ್ನು ಏನೂ ಕೊಡುವುದಿಲ್ಲ ಅಂತ ಅವರು ಆಣೆ ಹಾಕಿದಾಗ ಈ ವಚನ ಬಂತು. ಅವರು ನೆರವನ್ನು ಮತ್ತೆ ಆರಂಭಿಸಿದರು. ಅಂದರೆ ಮಾತು ಹೇಳಿದ್ದು ಅಬೂಬಕರ್‌ಗೆ. ಮಿಸ್ತಹ್ ಹೋಗಿ ಅಬೂಬಕರ್ ಮುಂದೆ ಈ ವಚನ ಓದಿದ್ದರೆ ಹೇಗಿರುತ್ತಿತ್ತು? ನಮ್ಮ ಪತ್ರದಲ್ಲಿ ಆಗುತ್ತಿದ್ದದ್ದು ಅದೇ. ಇಲ್ಲೂ ಅಪವಾದವೇ ವಿಷಯ, ಇಲ್ಲೂ ವಚನ ಓದುತ್ತಿದ್ದವರು ಅಪವಾದಕ್ಕೆ ಕಾರಣರಾದವರೇ.

ಮತ್ತಾಯ 6:14-15 ಇನ್ನೂ ಕಠಿಣ. ನೀವು ಇತರರನ್ನು ಕ್ಷಮಿಸದಿದ್ದರೆ ತಂದೆಯೂ ನಿಮ್ಮನ್ನು ಕ್ಷಮಿಸುವುದಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ. ಯೇಸು ಶಿಷ್ಯರಿಗೆ ಪ್ರಾರ್ಥನೆ ಕಲಿಸಿದ ಕೂಡಲೇ ಹೇಳಿದ ಮಾತು ಇದು. ಗುರು ಶಿಷ್ಯನಿಗೆ ಹೇಳಿದರೆ ಉಪದೇಶ. ತಪ್ಪು ಮಾಡಿದವನು ನೊಂದವನಿಗೆ ಹೇಳಿದರೆ ಬೆದರಿಕೆ. ಮತ್ತಾಯ 18:22ರ ಏಳೆಪ್ಪತ್ತು ಸಲ ಕ್ಷಮಿಸುವ ಮಾತಿಗೂ, ಕೊಲೊಸ್ಸೆ 3:13ರ ‘ಒಬ್ಬರನ್ನೊಬ್ಬರು ಕ್ಷಮಿಸಿರಿ’ ಎಂಬುದಕ್ಕೂ, ಕುರ್‌ಆನ್ 42:43ಕ್ಕೂ ಇದೇ ತೊಡಕು. ಎಲ್ಲವೂ ಒಳ್ಳೆಯ ಮಾತುಗಳೇ. ಈ ಪತ್ರದಲ್ಲಿ ಹೇಳುವ ಬಾಯಿ ಸರಿಯಿಲ್ಲ, ಅಷ್ಟೇ. 7:199ರಲ್ಲಿ ಇನ್ನೊಂದು ಅಪಾಯವೂ ಇತ್ತು. ಕ್ಷಮೆಯನ್ನು ಹಿಡಿದುಕೋ, ಒಳಿತನ್ನು ಬೋಧಿಸು ಅಂದ ಮೇಲೆ ಅಜ್ಞಾನಿಗಳಿಂದ ದೂರವಿರು ಅಂತ ಅದು ಮುಗಿಯುತ್ತದೆ. ಕ್ಷಮಿಸದಿದ್ದರೆ ಅಜ್ಞಾನಿ ಅಂದ ಹಾಗೆ ಗೆಳೆಯ ಓದಿಕೊಂಡಿದ್ದರೆ ತಪ್ಪು ಅವನದಲ್ಲ. 39:53 ದೇವರ ಕರುಣೆಯಲ್ಲಿ ನಿರಾಶರಾಗಬೇಡಿ ಅನ್ನುವ ವಚನ. ಅದು ದೇವರಿಗೂ ಇವರಿಗೂ ನಡುವಿನದು, ಗೆಳೆಯನಿಗೆ ಬರೆಯಬೇಕಾದ್ದಲ್ಲ.

ಲೂಕ 23:34ನ್ನು ತೆಗೆಯಲು ಅವರಿಗೆ ಕಷ್ಟವಾಯಿತು. ಶಿಲುಬೆಯ ಮೇಲಿನ ಮಾತು ಅದು: ತಂದೆಯೇ, ಇವರನ್ನು ಕ್ಷಮಿಸು, ತಾವು ಏನು ಮಾಡುತ್ತಿದ್ದೇವೆಂದು ಇವರಿಗೆ ತಿಳಿಯದು. ಚಿಕ್ಕಂದಿನಿಂದ ಶುಭ ಶುಕ್ರವಾರ ಕೇಳಿಕೊಂಡು ಬಂದದ್ದು. ಆದರೆ ಇಲ್ಲಿ ತಪ್ಪು ಮಾಡಿದವರಿಗೆ ತಿಳಿದಿತ್ತು. ಇಡೀ ಪ್ರಕರಣದ ನೋವು ಇರುವುದೇ ಅಲ್ಲಿ. ಮತ್ತೊಂದು, ಶಿಲುಬೆಗೇರಿಸಿದರು ಎಂಬುದನ್ನೇ ಕುರ್‌ಆನ್ 4:157 ಒಪ್ಪುವುದಿಲ್ಲ. ಗೆಳೆಯನ ನಂಬಿಕೆಗೆ ಎದುರಾದ ದೃಶ್ಯವನ್ನು ಅವನ ಮುಂದಿಟ್ಟು ಕ್ಷಮೆ ಕೇಳುವ ಅಗತ್ಯವಿರಲಿಲ್ಲ.

5:82ನ್ನು ಅವರು ಪ್ರೀತಿಯಿಂದಲೇ ಹಾಕಿದ್ದರು. ವಿಶ್ವಾಸಿಗಳಿಗೆ ಮಮತೆಯಲ್ಲಿ ಹತ್ತಿರವಿರುವವರು ‘ನಾವು ಕ್ರೈಸ್ತರು’ ಅನ್ನುವವರು ಎಂದು ಆ ವಚನ ಹೇಳುತ್ತದೆ. ಸೌಹಾರ್ದ ಸಭೆಗಳಲ್ಲಿ ಕೇಳಲು ಚೆನ್ನಾಗಿರುತ್ತದೆ. ಮೋಸ ಮಾಡಿದ ಒಬ್ಬ ಕ್ರೈಸ್ತ ಅದನ್ನು ಮೋಸಹೋದವನಿಗೆ ಬರೆದರೆ ಅದು ಆತ್ಮಪ್ರಶಂಸೆ ಆಗುತ್ತದೆ. ಅದೇ ವಚನದಲ್ಲಿ ಯಹೂದಿಗಳ ಬಗ್ಗೆ ಕಟುವಾದ ಮಾತೂ ಇದೆ, ಅದನ್ನು ಮುಚ್ಚಿ ಅರ್ಧ ಬರೆಯಬೇಕಾಗುತ್ತಿತ್ತು. ಅದನ್ನೂ ಬಿಟ್ಟೆವು.

ಪಕ್ಕದ ವಚನ

ಹೀಗೆ ಎಲ್ಲ ಖಾಲಿಯಾದ ಮೇಲೆ ಒಂದು ವಿಷಯ ಕಂಡಿತು. ನೊಂದವನಿಗೆ ಹೇಳಿದ ವಚನದ ಪಕ್ಕದಲ್ಲೇ, ಎಷ್ಟೋ ಸಲ, ನೋಯಿಸಿದವನಿಗೆ ಹೇಳಿದ ವಚನ ಇರುತ್ತದೆ. ನಾವು ಮೊದಲನೆಯದನ್ನು ಬಾಯಿಪಾಠ ಮಾಡುತ್ತೇವೆ, ಎರಡನೆಯದನ್ನು ದಾಟಿ ಹೋಗುತ್ತೇವೆ.

3:134 ಕೋಪವನ್ನು ನುಂಗಿಕೊಳ್ಳುವವರನ್ನು, ಜನರನ್ನು ಕ್ಷಮಿಸುವವರನ್ನು ಹೊಗಳುತ್ತದೆ. ಮುಂದಿನ 3:135 ಕೆಟ್ಟ ಕೆಲಸ ಮಾಡಿದವರ ಕಡೆಗೆ ತಿರುಗುತ್ತದೆ. ಅವರು ದೇವರನ್ನು ನೆನೆದು ಕ್ಷಮೆ ಬೇಡುತ್ತಾರೆ, ಮಾಡಿದ್ದನ್ನು ತಿಳಿದೂ ತಿಳಿದೂ ಮುಂದುವರಿಸುವುದಿಲ್ಲ ಅನ್ನುತ್ತದೆ. ಈ ‘ತಿಳಿದೂ ತಿಳಿದೂ’ ಅನ್ನುವ ಜಾಗದಲ್ಲಿ ಅವರು ಓದುವುದನ್ನು ನಿಲ್ಲಿಸಿದರು. ಕಾಲು ಶತಮಾನ ಮಾಡಿದ್ದು ಅದನ್ನೇ ಅಂದರು.

ಯೂಸುಫರ ಕಥೆಯಲ್ಲೂ ಹೀಗೇ. 12:92ರಲ್ಲಿ ಯೂಸುಫ್ ಅಣ್ಣಂದಿರಿಗೆ ‘ಇಂದು ನಿಮ್ಮ ಮೇಲೆ ಯಾವ ಆಕ್ಷೇಪವೂ ಇಲ್ಲ’ ಅನ್ನುತ್ತಾರೆ. ಅದು ಯೂಸುಫರು ಮಾತ್ರ ಹೇಳಬಹುದಾದ ಮಾತು. ಅದಕ್ಕಿಂತ ಮೊದಲು, 12:91ರಲ್ಲಿ, ಅಣ್ಣಂದಿರ ಮಾತಿದೆ: ದೇವರು ನಿನ್ನನ್ನು ನಮಗಿಂತ ಮೇಲಿಟ್ಟಿದ್ದಾನೆ, ನಾವೇ ತಪ್ಪಿತಸ್ಥರು. ಪತ್ರ ಬರೆಯುವವರು ಅಣ್ಣಂದಿರ ಸಾಲಿನಲ್ಲಿ ನಿಂತವರು, ಅವರಿಗೆ ಸಲ್ಲುವುದು 91.

ಇದೇ ಕಥೆ ಬೈಬಲ್‌ನಲ್ಲೂ ಇದೆ. ಆದಿಕಾಂಡ 42:21ರಲ್ಲಿ ಅಣ್ಣಂದಿರು ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ. ನಮ್ಮ ತಮ್ಮನ ವಿಷಯದಲ್ಲಿ ನಾವು ನಿಜವಾಗಿಯೂ ಅಪರಾಧಿಗಳು, ಅವನು ನಮ್ಮನ್ನು ಬೇಡಿಕೊಂಡಾಗ ಅವನ ಸಂಕಟ ನಮ್ಮ ಕಣ್ಣಿಗೆ ಕಂಡಿತು, ಆದರೂ ಕಿವಿಗೊಡಲಿಲ್ಲ ಅನ್ನುತ್ತಾರೆ. ಎದುರಿಗಿರುವವನೇ ಯೋಸೇಫ ಅಂತ ಅವರಿಗೆ ಗೊತ್ತಿಲ್ಲ. ಅವನು ಪಕ್ಕಕ್ಕೆ ಹೋಗಿ ಅಳುತ್ತಾನೆ (42:24). ನನ್ನ ಮಟ್ಟಿಗೆ ಕ್ಷಮಾಪಣೆಗೆ ಬೇಕಾದದ್ದೆಲ್ಲ ಈ ಒಂದು ವಚನದಲ್ಲಿದೆ. ಅಣ್ಣಂದಿರು ‘ತಪ್ಪಾಯಿತು’ ಅಂದು ನಿಲ್ಲಿಸುವುದಿಲ್ಲ. ಕಂಡಿತ್ತು, ಕೇಳಿತ್ತು, ಆದರೂ ಸುಮ್ಮನಿದ್ದೆವು ಅಂತ ಹೇಳುತ್ತಾರೆ. ಎರಡೂ ಗ್ರಂಥಗಳಲ್ಲಿ ಇರುವ ಕಥೆ ಆದ್ದರಿಂದ ಇಬ್ಬರೂ ಗೆಳೆಯರಿಗೆ ಇದು ಸ್ವಂತದ್ದು.

ಮತ್ತಾಯ 18ರ ಬದಲು ಮತ್ತಾಯ 5:23-24 ಬಂತು. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರು ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ರಾಜಿ ಮಾಡಿಕೋ, ಆಮೇಲೆ ಬಾ. ಇದು ತಪ್ಪಿತಸ್ಥನಿಗೆ ಹೇಳಿದ ಮಾತು. ಮುಸ್ಲಿಂ ಓದುಗರಿಗೆ ಇದನ್ನು ಓದುವಾಗ ಪ್ರವಾದಿಯವರ ಮಾತುಗಳ ಬುಖಾರಿ ಸಂಗ್ರಹದ 2449ನೆಯ ಹದೀಸ್ ನೆನಪಾಗದೆ ಇರುವುದಿಲ್ಲ. ಸಹೋದರನ ಮಾನಕ್ಕೋ ಬೇರೆ ಯಾವುದಕ್ಕೋ ಅನ್ಯಾಯ ಮಾಡಿದವನು, ದೀನಾರವೂ ದಿರ್ಹಮೂ ನಡೆಯದ ದಿನ ಬರುವ ಮೊದಲು, ಇಂದೇ ಅವನಿಂದ ಬಿಡುಗಡೆ ಪಡೆಯಲಿ ಅಂತ ಅದರ ಸಾರ. ಎರಡೂ ಕಡೆ ದೇವರ ಹತ್ತಿರ ಹೋಗುವ ದಾರಿ ನೊಂದ ಮನುಷ್ಯನ ಮನೆ ಮುಂದೆ ಹಾದು ಹೋಗುತ್ತದೆ.

ಇನ್ನೊಂದು ವಚನವನ್ನು ನಾನೇ ತೋರಿಸಿದೆ, ಕುರ್‌ಆನ್ 4:112. ಯಾರು ತಪ್ಪನ್ನೋ ಪಾಪವನ್ನೋ ಮಾಡಿ ಅದನ್ನು ನಿರಪರಾಧಿಯ ಮೇಲೆ ಹೊರಿಸುತ್ತಾನೋ ಅವನು ಸುಳ್ಳು ಆರೋಪದ ಭಾರವನ್ನೂ ಸ್ಪಷ್ಟ ಪಾಪವನ್ನೂ ಹೊತ್ತುಕೊಂಡ ಅನ್ನುತ್ತದೆ. 4:105ರಿಂದ 113ರವರೆಗಿನ ಈ ಭಾಗದ ಹಿಂದೆ ಒಂದು ಕಳ್ಳತನದ ಕಥೆಯನ್ನು ವ್ಯಾಖ್ಯಾನಗಳು ಹೇಳುತ್ತವೆ. ಮದೀನಾದ ಒಂದು ಕುಟುಂಬದವನು ಕದ್ದ, ಆರೋಪ ಬೇರೊಬ್ಬನ ಮೇಲೆ ಬಿತ್ತು, ಮನೆಯವರು ಕಳ್ಳನ ಪರ ನಿಂತರು. ಹಲವು ವ್ಯಾಖ್ಯಾನಗಳ ಪ್ರಕಾರ ಆ ನಿರಪರಾಧಿ ಒಬ್ಬ ಯಹೂದಿ. ತಮ್ಮವನನ್ನು ಉಳಿಸಲು ಬೇರೆ ಮತದವನ ಮೇಲೆ ತಪ್ಪು ಬೀಳಲು ಬಿಡುವುದು: ನಮ್ಮ ಅಂಗಡಿಯ ಕಥೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಇದನ್ನು ಓದಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಇದನ್ನು ಹಾಕಲೇಬೇಕು’ ಅಂದರು.

ವಚನಗಳನ್ನು ಹೇಗೆ ಬರೆಯುವುದು ಎಂಬುದರಲ್ಲೂ ಎರಡು ಮಾತು ಮುಖ್ಯವಾದವು. ಪ್ರತಿಯೊಂದನ್ನೂ ಗ್ರಂಥದಲ್ಲೇ ತೆಗೆದು, ಮುಂಚಿನ ಮತ್ತು ನಂತರದ ಕೆಲವು ವಚನಗಳ ಜೊತೆ ಓದಿದೆವು. ಫಾರ್ವರ್ಡ್ ನಂಬಿ ಬರೆಯಬಾರದು. ಮೊದಲ ಕರಡಿನ ಒಂದು ಪ್ರತಿಯಲ್ಲಿ ಮತ್ತಾಯ 18:21 ಅಂತಿತ್ತು, ಅದು ಪೇತ್ರನ ಪ್ರಶ್ನೆ. ಯೇಸುವಿನ ಉತ್ತರ ಇರುವುದು 22ರಲ್ಲಿ. ಎರಡನೆಯದು, ಅರಬ್ಬಿ ಲಿಪಿಯಲ್ಲಿ ವಚನ ಅಂಟಿಸುವ ಯೋಚನೆ ಅವರಿಗಿತ್ತು. ಬೇಡ ಅಂದೆ. ಅರಬ್ಬಿಯಲ್ಲಿ ಕುರ್‌ಆನ್ ವಚನವಿರುವ ಕಾಗದವನ್ನು ಮುಸ್ಲಿಮರು ಎಲ್ಲೆಂದರಲ್ಲಿ ಇಡುವುದಿಲ್ಲ, ಹರಿದು ಬುಟ್ಟಿಗೆ ಹಾಕುವುದಿಲ್ಲ. ಕ್ಷಮಾಪಣೆ ಪತ್ರವನ್ನು ಸಿಟ್ಟಿನಲ್ಲಿ ಹರಿಯುವ ಸ್ವಾತಂತ್ರ್ಯ ಓದುವವನಿಗೆ ಇರಬೇಕು. ಕನ್ನಡದಲ್ಲಿ ಅರ್ಥ ಮತ್ತು ಸಂಖ್ಯೆ ಸಾಕು.

ಪತ್ರದ ಹೊರಗಿನ ಕೆಲಸ

ಇಲ್ಲಿ ಎರಡೂ ಧರ್ಮಗಳ ಮಾತು ಒಂದೇ ಮತ್ತು ಸ್ಪಷ್ಟ. ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 1459ನೆಯ ಕಂಡಿಕೆ, ಕದ್ದದ್ದನ್ನು ಹಿಂದಿರುಗಿಸಬೇಕು, ಹಾಳು ಮಾಡಿದ ಹೆಸರನ್ನು ಸರಿಪಡಿಸಬೇಕು ಅನ್ನುತ್ತದೆ. ಪಾಪನಿವೇದನೆ ಆದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. 13ನೇ ಶತಮಾನದ ಇಮಾಂ ನವವಿ ಪಶ್ಚಾತ್ತಾಪಕ್ಕೆ ಮೂರು ಷರತ್ತು ಹೇಳುತ್ತಾರೆ: ಬಿಡುವುದು, ಮರುಗುವುದು, ಮತ್ತೆ ಮಾಡದಿರಲು ನಿಶ್ಚಯಿಸುವುದು. ತಪ್ಪು ಮನುಷ್ಯನಿಗೆ ಸಂಬಂಧಿಸಿದ್ದರೆ ನಾಲ್ಕನೆಯದೂ ಇದೆ. ಅವನ ಹಕ್ಕನ್ನು ಅವನಿಗೆ ತಲುಪಿಸಬೇಕು.

ಹಣದ ವಿಷಯ ಸುಲಭ ಅಂದುಕೊಂಡಿದ್ದೆವು. ಅರಣ್ಯಕಾಂಡ 5:6-7 (ಕ್ಯಾಥೊಲಿಕ್ ಪ್ರತಿಗಳಲ್ಲಿ ಸಂಖ್ಯಾಕಾಂಡ) ತಪ್ಪನ್ನು ಒಪ್ಪಿ, ಪೂರ್ತಿ ಹಿಂದಿರುಗಿಸಿ, ಐದನೇ ಒಂದು ಭಾಗ ಸೇರಿಸಿ ಕೊಡು ಅನ್ನುತ್ತದೆ. 45,000ಕ್ಕೆ 9,000 ಸೇರಿ 54,000. ಲೂಕ 19:8ರಲ್ಲಿ ಸುಂಕದ ಜಕ್ಕಾಯ ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆ ಅನ್ನುತ್ತಾನೆ. ಆದರೆ ಗೆಳೆಯ ಬಡ್ಡಿ ಮುಟ್ಟದ ಮನುಷ್ಯ. ಕುರ್‌ಆನ್ 2:279 ಬಡ್ಡಿ ಬಿಟ್ಟವರಿಗೆ ‘ನಿಮ್ಮ ಅಸಲು ನಿಮ್ಮದು, ನೀವೂ ಅನ್ಯಾಯ ಮಾಡಬೇಡಿ, ನಿಮಗೂ ಅನ್ಯಾಯವಾಗದಿರಲಿ’ ಅನ್ನುತ್ತದೆ. ತಡವಾದುದಕ್ಕೆ ಲೆಕ್ಕ ಹಾಕಿ ಸೇರಿಸಿದ ಮೊತ್ತ ಅವನಿಗೆ ಬಡ್ಡಿಯಂತೆ ಕಂಡರೆ ನಮ್ಮ ಉಪಕಾರ ಅವನಿಗೆ ಕಸಿವಿಸಿ. ಇನ್ನೊಂದು ಕಡೆ, 1999ರ 45,000ಕ್ಕೂ ಇಂದಿನ 45,000ಕ್ಕೂ ಹೋಲಿಕೆಯೇ ಇಲ್ಲ. ಕೊನೆಗೆ ಅಸಲನ್ನು ಮಾತ್ರ ಮೊತ್ತವಾಗಿ ಬರೆದು, ಉಳಿದದ್ದನ್ನು ಅವನೇ ಹೇಳಲಿ ಅಂತ ಬಿಟ್ಟೆವು. ಹಣಕ್ಕೂ ಕ್ಷಮೆಗೂ ಗಂಟು ಹಾಕದಂತೆ ಪತ್ರದಲ್ಲಿ ಬಿಡಿಸಿ ಬರೆದೆವು.

ಹೆಸರನ್ನು ಸರಿಪಡಿಸುವುದು ಇದಕ್ಕಿಂತ ಕಷ್ಟ. ಪಂಚಾತಿಕೆ ಮಾಡಿದವರಲ್ಲಿ ಒಬ್ಬರು ತೀರಿಕೊಂಡಿದ್ದರು, ಒಬ್ಬರು ಇದ್ದಾರೆ. ಪತ್ರ ಹಾಕುವ ಮೊದಲೇ ಇವರು ಅವರ ಮನೆಗೂ, ತೀರಿಕೊಂಡವರ ಮಗನ ಅಂಗಡಿಗೂ, ತಮ್ಮ ಸ್ವಂತ ತಂಗಿಯ ಮನೆಗೂ ಹೋಗಿ ನಡೆದದ್ದನ್ನು ಹೇಳಿ ಬಂದರು. ‘ಹೇಳುತ್ತೇನೆ’ ಅಂತ ಬರೆಯುವುದಕ್ಕೂ ‘ಹೇಳಿದೆ’ ಅಂತ ಬರೆಯುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಸಮಯದ ಬಗ್ಗೆಯೂ ಚರ್ಚೆಯಾಯಿತು. 2025ರ ಮಾರ್ಚ್ ಮೊದಲ ವಾರದಲ್ಲಿ ರಂಜಾನ್ ಉಪವಾಸವೂ ಕ್ರೈಸ್ತರ ತಪಸ್ಸು ಕಾಲವೂ ಒಟ್ಟಿಗೆ ಶುರುವಾಗಿದ್ದವು. ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು ಅಂತ ಅವರು ಕೇಳಿದರು. ನನಗೆ ಹಾಗನ್ನಿಸಲಿಲ್ಲ. ಉಪವಾಸದ ತಿಂಗಳಲ್ಲಿ ಬಂದ ಕ್ಷಮೆಯ ಪತ್ರಕ್ಕೆ ‘ಇಲ್ಲ’ ಅನ್ನುವುದು ನಂಬಿಕೆಯುಳ್ಳ ಮನುಷ್ಯನಿಗೆ ಕಷ್ಟ. ಆ ಒತ್ತಡವೂ ಬೇಡ ಅಂತ ಈದ್ ಮುಗಿದ ಮೇಲೆ ಕಳಿಸಿದರು.

ಕಳಿಸಿದ ಪತ್ರ

ಪ್ರೀತಿಯ ಗೆಳೆಯ,

ಇದನ್ನು ಓದಲು ನಿನಗೆ ಮನಸ್ಸಾಗದಿರಬಹುದು. ಅದಕ್ಕೆ ಮುಖ್ಯವಾದದ್ದನ್ನು ಮೊದಲೇ ಬರೆಯುತ್ತೇನೆ. 1999ರಲ್ಲಿ ಅಂಗಡಿಯ ಕಪಾಟಿನಿಂದ 60,000 ರೂಪಾಯಿ ತೆಗೆದದ್ದು ನನ್ನ ತಮ್ಮ. ನೀನು ಅದನ್ನು ಮುಟ್ಟಿಲ್ಲ. ನೀನು ಜುಬೈಲ್‌ಗೆ ಹೊರಡುವ ಮೊದಲೇ ಇದು ನನಗೆ ಗೊತ್ತಿತ್ತು. ತಮ್ಮ ನನ್ನ ಮುಂದೆ ಒಪ್ಪಿಕೊಂಡಿದ್ದ. ನಾನು ಯಾರಿಗೂ ಹೇಳಲಿಲ್ಲ.

ಪಂಚಾತಿಕೆಯ ದಿನ ನನಗೆ ಗೊತ್ತಿರಲಿಲ್ಲ, ಅದು ನಿಜ. ಆದರೆ ಆ ದಿನವೂ ‘ಇವನು ಅಂಥವನಲ್ಲ’ ಅಂತ ನಾನು ಹೇಳಬಹುದಿತ್ತು. ನೀನು ನನ್ನ ಮುಖ ನೋಡಿದೆ. ನಾನು ಲೆಕ್ಕದ ಪುಸ್ತಕ ನೋಡಿದೆ. ಗೊತ್ತಾದ ಮೇಲೆ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ತಂಗಿಯ ಮದುವೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮದುವೆ ಆಯಿತು, ಆಮೇಲೂ ಹೇಳಲಿಲ್ಲ. ನಿನ್ನ 45,000 ರೂಪಾಯಿ ನನ್ನ ಅಂಗಡಿಯಲ್ಲೇ ಉಳಿಯಿತು.

ಆದಿಕಾಂಡ 42:21ರಲ್ಲಿ ಯೋಸೇಫನ ಅಣ್ಣಂದಿರು ಹೇಳುವ ಮಾತಿದೆ. ಅವನ ಸಂಕಟ ನಮಗೆ ಕಂಡಿತ್ತು, ಆದರೂ ಕಿವಿಗೊಡಲಿಲ್ಲ ಅಂತ. ನಿನ್ನ ಗ್ರಂಥದಲ್ಲೂ ಯೂಸುಫರ ಮುಂದೆ ಅವರು ‘ನಾವೇ ತಪ್ಪಿತಸ್ಥರು’ ಅನ್ನುವುದನ್ನು ಓದಿದೆ (12:91). ನಾನು ಆ ಅಣ್ಣಂದಿರ ಸಾಲಿನವನು. ಕುರ್‌ಆನ್ 4:112ರಲ್ಲಿ, ತಪ್ಪನ್ನು ನಿರಪರಾಧಿಯ ಮೇಲೆ ಹೊರಿಸಿದವನ ಬಗ್ಗೆ ಇದೆ. ಅದು ನನ್ನ ಬಗ್ಗೆಯೇ ಇದೆ ಅಂತ ಓದಿಕೊಂಡೆ.

ಮತ್ತಾಯ 5:23-24 ನಮ್ಮ ಇಗರ್ಜಿಯಲ್ಲಿ ಎಷ್ಟು ಸಲ ಓದಿದ್ದಾರೋ. ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತ. ನಾನು ಪ್ರತಿ ಭಾನುವಾರ ಕಾಣಿಕೆ ಹಾಕಿ ಮನೆಗೆ ಬಂದೆ ಮಾರಾಯ. ನಿನ್ನ ಹತ್ತಿರ ಬರಲಿಲ್ಲ.

ಈ ಪತ್ರ ಹಾಕುವ ಮೊದಲು ಮೂರು ಕಡೆ ಹೋಗಿ ನಡೆದದ್ದನ್ನು ಹೇಳಿದ್ದೇನೆ. ಪಂಚಾತಿಕೆಯವರಲ್ಲಿ ಈಗ ಇರುವವರಿಗೆ, ತೀರಿಕೊಂಡವರ ಮಗನಿಗೆ, ನನ್ನ ತಂಗಿಗೆ. ಇನ್ನು ಯಾರಿಗೆ ಹೇಳಬೇಕು ಅಂತ ನೀನು ಹೇಳಿದರೆ ಅವರಿಗೂ ಹೇಳುತ್ತೇನೆ.

45,000 ರೂಪಾಯಿ ನಿನ್ನದು. ನೀನು ನನ್ನನ್ನು ಕ್ಷಮಿಸಿದರೂ ಅದು ನಿನ್ನದು, ಕ್ಷಮಿಸದಿದ್ದರೂ ನಿನ್ನದು. ಆ ಹಣದ ಬೆಲೆ ಆಗ ಬೇರೆ ಇತ್ತು, ಗೊತ್ತು. ನ್ಯಾಯವಾಗಿ ಎಷ್ಟು ಆಗಬೇಕು ಅಂತ ನೀನು ಹೇಳು, ಬಡ್ಡಿಯ ಲೆಕ್ಕದಲ್ಲಿ ನಾನು ಕೊಡುವುದಿಲ್ಲ.

ಕುರ್‌ಆನ್ 42:41ರಲ್ಲಿ, ಅನ್ಯಾಯವಾದ ಮೇಲೆ ತನ್ನ ಹಕ್ಕಿಗೆ ನಿಂತವನ ಮೇಲೆ ಯಾವ ಆಕ್ಷೇಪವೂ ಇಲ್ಲ ಅಂತ ಇದೆ. ನಿನಗೆ ಕೋಪವಿದ್ದರೆ ಅದು ನಿನ್ನ ಹಕ್ಕು. ಉತ್ತರ ಬರೆಯಲೇಬೇಕು ಅಂತಿಲ್ಲ. ನನ್ನನ್ನು ಕ್ಷಮಿಸು ಅಂತ ಕೇಳುತ್ತೇನೆ, ಆದರೆ ನಿನ್ನ ಮೇಲೆ ಯಾವ ಸಾಲವೂ ಇಲ್ಲ. ಸಾಲ ಇರುವುದು ನನ್ನ ಮೇಲೆ.

ನಿನ್ನ ಹಳೆಯ ಗೆಳೆಯ

ಬಂದ ಉತ್ತರ

ಕೊನೆಯ ವಚನದ ಬಗ್ಗೆ ನಮ್ಮಿಬ್ಬರಿಗೂ ಅನುಮಾನವಿತ್ತು. ಮುಸ್ಲಿಂ ಗೆಳೆಯನಿಗೆ ಅವನ ಹಕ್ಕನ್ನು ಕುರ್‌ಆನ್‌ನಿಂದಲೇ ಓದಿ ಹೇಳಲು ನಾವು ಯಾರು ಅಂತ. ಅದರ ಹಿಂದಿನ 42:40 ಕ್ಷಮಿಸಿ ಸಂಬಂಧ ಸರಿಪಡಿಸಿಕೊಂಡವನ ಪ್ರತಿಫಲ ದೇವರ ಹೊಣೆ ಅನ್ನುತ್ತದೆ. 42:43ರಲ್ಲಿ ಸಹಿಸಿ ಕ್ಷಮಿಸುವುದರ ಹೊಗಳಿಕೆ ಇದೆ. ಎರಡರ ನಡುವೆ ಇರುವ 41ನ್ನು ಮಾತ್ರ ತೆಗೆದುಕೊಳ್ಳುವುದು ಸರಿಯೇ? ನನ್ನ ಉತ್ತರ, ಸರಿ. ಹಿಂದಿನದೂ ಮುಂದಿನದೂ ಅವನಿಗೆ ಗೊತ್ತೇ ಇರುತ್ತವೆ. ಅವುಗಳನ್ನು ನೆನಪಿಸುವ ಕೆಲಸ ನಮ್ಮದಲ್ಲ.

ಉತ್ತರ ಎರಡು ತಿಂಗಳ ಮೇಲೆ ಬಂತು. ಚಿಕ್ಕದು. ‘ಕ್ಷಮಿಸಿದೆ’ ಎಂಬ ಮಾತು ಅದರಲ್ಲಿರಲಿಲ್ಲ. ತಮ್ಮ ಯಾವ ತಿಂಗಳಲ್ಲಿ ಒಪ್ಪಿಕೊಂಡ ಅಂತ ಕೇಳಿದ್ದ. ಇನ್ನೊಂದು ಸಾಲು: ‘ನನ್ನ ಹೆಂಡತಿಯ ಅಣ್ಣನಿಗೆ ಹೇಳು. ನನ್ನ ಮಾವ ಇದನ್ನು ನಂಬಿಕೊಂಡೇ ತೀರಿಕೊಂಡರು.’

ಇವರಿಗೆ ಇದು ಗೊತ್ತೇ ಇರಲಿಲ್ಲ. ಪೇಟೆಯಲ್ಲಿ ಯಾರು ನಂಬಿದರು ಅಂತ ಯೋಚಿಸಿದ್ದರು, ಗೆಳೆಯನ ಹೆಂಡತಿಯ ಮನೆಯಲ್ಲಿ ಏನಾಗಿತ್ತು ಅಂತ ಯೋಚಿಸಿರಲಿಲ್ಲ. ತಪ್ಪು ಮಾಡಿದವನ ಕೈಯಲ್ಲಿರುವ ಹಾನಿಯ ಪಟ್ಟಿ ಯಾವಾಗಲೂ ಅರ್ಧ. ‘ಇನ್ನು ಯಾರಿಗೆ ಹೇಳಬೇಕು ಅಂತ ನೀನು ಹೇಳು’ ಅನ್ನುವ ಸಾಲು ಪತ್ರದಲ್ಲಿ ಇರದಿದ್ದರೆ ಉಳಿದರ್ಧ ತಿಳಿಯುತ್ತಲೇ ಇರಲಿಲ್ಲ.

ಮಾರನೆಯ ವಾರವೇ ಉಳ್ಳಾಲದ ಕಡೆಯ ಆ ಮನೆಗೆ ಹೋದರು. ಬಾಗಿಲು ತೆಗೆದವರು ಒಳಗೆ ಕರೆಯಲಿಲ್ಲ. ಜಗಲಿಯಲ್ಲಿ ನಿಂತೇ ಎಲ್ಲ ಹೇಳಿದರು. ವಚನ ಯಾವುದನ್ನೂ ಎತ್ತಲಿಲ್ಲ. ಕೇಳಿಸಿಕೊಂಡವರು ‘ಅಪ್ಪ ಇರುವಾಗ ಬರಬೇಕಿತ್ತು’ ಅಂದರು. ಅದಕ್ಕೆ ಉತ್ತರವಿರಲಿಲ್ಲ, ಇವರು ಕೊಡಲೂ ಹೋಗಲಿಲ್ಲ.

ಗೆಳೆಯ ಬ್ಯಾಂಕ್ ಖಾತೆಯ ಸಂಖ್ಯೆ ಕಳಿಸಿದ್ದು ಅದಾದ ಮೇಲೆ. 45,000 ಹಾಕಿದ್ದಾರೆ. ಉಳಿದದ್ದನ್ನು ಊರಿಗೆ ಬಂದಾಗ ಮಾತಾಡುವ ಅಂದಿದ್ದಾನೆ. ಈಗ ಆಗಾಗ ಫೋನಿನಲ್ಲಿ ಮಾತಾಡುತ್ತಾರೆ, ಹೆಚ್ಚಾಗಿ ಮಳೆ, ಅಡಿಕೆ ರೇಟು, ಶಾಲೆಯ ಹಳೆಯ ಮಾಸ್ಟ್ರ ಆರೋಗ್ಯ. ಕ್ಷಮಿಸಿದೆಯಾ ಅಂತ ಇವರು ಕೇಳಿಲ್ಲ.